ಶಕ್ಶೂಕ: ಮುಚ್ಚಿ ಬೇಯಿಸಬೇಕೇ, ತೆರೆದೇ ಬೇಯಿಸಬೇಕೇ?

ಟೊಮೆಟೊ ಗೊಜ್ಜಿಗೆ ಮೊಟ್ಟೆ ಒಡೆದು ಹಾಕಿ ಬೇಯಿಸುವ ಟ್ಯುನೀಷಿಯಾ, ಲಿಬಿಯಾ ಕಡೆಯ ಅಡುಗೆ ಶಕ್ಶೂಕ. ಇದರಲ್ಲಿ ಗೊಜ್ಜು ಮಾಡುವುದು ಸುಲಭ. ನಾಲ್ಕು ಮೊಟ್ಟೆಗೆ ಅರ್ಧ ಕಿಲೋ ಟೊಮೆಟೊ ಸಾಕು. ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ ಬಾಡಿಸಿ, ಜೀರಿಗೆ ಪುಡಿ, ಖಾರದ ಪುಡಿ ಹಾಕಿ ಟೊಮೆಟೊ ಕುದಿಸಿದರೆ ಆಯಿತು. ಕಷ್ಟವೆಲ್ಲ ಮೊಟ್ಟೆ ಒಡೆದು ಹಾಕಿದ ಮೇಲೆ. ಹಳದಿ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮಂದವಾಗತೊಡಗಿ, 70 ದಾಟಿದರೆ ಗಟ್ಟಿಯಾಗುತ್ತದೆ. ಬಿಳಿ ಅದಕ್ಕಿಂತ ಮೊದಲೇ ಹಾಲಿನ ಬಣ್ಣಕ್ಕೆ ತಿರುಗಿದರೂ ಪೂರ್ತಿ ಬಿಗಿಯಲು 80ರ ಹತ್ತಿರ ಹೋಗಬೇಕು. ಅಂದರೆ ಹೆಚ್ಚು ಬಿಸಿ ಬೇಕಾಗಿರುವುದು ಬಿಳಿಗೆ.

ಎಲ್ಲರೂ ಮಾಡುವ ಹಾಗೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಐದು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಆದರೆ ಹಬೆ ಬಿಳಿಯನ್ನಷ್ಟೇ ಬೇಯಿಸುವುದಿಲ್ಲ, ಹಳದಿಯ ನೆತ್ತಿಗೂ ತಾಗುತ್ತದೆ. ಹಳದಿಯ ಮೇಲೆ ಮಂಜು ಕವಿದಂತೆ ತೆಳು ಪೊರೆ ಕಟ್ಟುತ್ತದೆ. ಅದರ ಸುತ್ತಲಿನ ದಪ್ಪ ಬಿಳಿಯ ಬಳೆ ಮಾತ್ರ ಇನ್ನೂ ಹಸಿ. ಅದು ಬೇಯಲಿ ಎಂದು ಕಾದರೆ ಹಳದಿ ಗಟ್ಟಿಯಾಗುತ್ತದೆ. ಮುಚ್ಚಳದ ನೀರು ತೊಟ್ಟಿಕ್ಕಿ ಗೊಜ್ಜೂ ತೆಳ್ಳಗಾಗುತ್ತದೆ.

ನನಗೆ ಹಿಡಿಸಿದ್ದು ತೆರೆದ ಬಾಣಲೆಯ ವಿಧಾನ. ಸೌಟು ಎಳೆದರೆ ತಳ ಕಂಡು, ದಾರಿ ನಿಧಾನವಾಗಿ ಮುಚ್ಚಿಕೊಳ್ಳುವಷ್ಟು ಗೊಜ್ಜು ಗಟ್ಟಿಯಾಗಿರಬೇಕು. ನೀರಾಗಿದ್ದರೆ ಬಿಳಿ ಎಲ್ಲ ಕಡೆ ಹರಿದು ಚೂರು ಚೂರಾಗುತ್ತದೆ. ಗುಳಿ ಮಾಡಿ, ಬಟ್ಟಲಿಗೆ ಒಡೆದುಕೊಂಡ ಮೊಟ್ಟೆಯನ್ನು ಮೆಲ್ಲಗೆ ಜಾರಿಸಬೇಕು. ಅರ್ಧ ನಿಮಿಷ ಬಿಟ್ಟು, ಫೋರ್ಕಿನ ತುದಿಯಿಂದ ಹಳದಿಗೆ ತಾಗದಂತೆ ಸುತ್ತಲಿನ ದಪ್ಪ ಬಿಳಿಯನ್ನು ಬಿಡಿಸಿ ಗೊಜ್ಜಿನೊಳಕ್ಕೆ ಎಳೆಯಬೇಕು. ಗುಡ್ಡೆಯಾಗಿ ನಿಂತಿದ್ದ ಬಿಳಿ ಹೀಗೆ ಹರಡಿಕೊಂಡು ಕುದಿಯುವ ಗೊಜ್ಜಿಗೆ ನೇರ ತಾಗುತ್ತದೆ, ಹಳದಿ ಮೇಲೆಯೇ ತಣ್ಣಗಿರುತ್ತದೆ. ಆರೇಳು ನಿಮಿಷ ಬೇಕು. ಕೊನೆಗೂ ಹಸಿ ಉಳಿದರೆ ಅರ್ಧ ನಿಮಿಷ ಮುಚ್ಚಿದರೆ ಸಾಕು. ಬಿಳಿ ಅಲ್ಲಲ್ಲಿ ಗೊಜ್ಜಿನ ಬಣ್ಣ ಹಿಡಿದು ನೋಡಲು ಅಷ್ಟು ಚೆಂದ ಇರುವುದಿಲ್ಲ, ಆದರೆ ರುಚಿ ಬಿಳಿಗೂ ಹತ್ತುತ್ತದೆ.

ಓವನ್ ಹತ್ತು ಹನ್ನೆರಡು ಮೊಟ್ಟೆ ಒಟ್ಟಿಗೆ ಮಾಡುವಾಗ ಅನುಕೂಲ. ಉಳಿದಂತೆ ಹಳದಿಯ ಮೇಲ್ಪದರ ಒಣಗುವುದರಿಂದ ನಾನು ಅದರ ಗೋಜಿಗೆ ಹೋಗುವುದಿಲ್ಲ.

ಯಾವ ವಿಧಾನವಾದರೂ ಬಾಣಲೆಯ ಹಿಡಿ ಹಿಡಿದು ಅಲುಗಿಸಿ ನೋಡಿ: ಹಳದಿ ತುಳುಕಬೇಕು, ಬಿಳಿ ಅಲುಗಬಾರದು. ಬೀಡು ಬಾಣಲೆಯಾದರೆ ಹಳದಿಯ ಬುಡದ ಬಿಳಿ ಸ್ವಲ್ಪ ಅಲುಗುವಾಗಲೇ ಒಲೆ ಆರಿಸಿ, ಏಕೆಂದರೆ ಅದರ ಕಾವು ಇನ್ನೂ ಒಂದೆರಡು ನಿಮಿಷ ಬೇಯಿಸುತ್ತಲೇ ಇರುತ್ತದೆ. ಚಿಕ್ಕ ಮಕ್ಕಳು, ಬಸುರಿಯರು ಊಟಕ್ಕಿದ್ದರೆ ಮಾತ್ರ ಮುಚ್ಚಳವೇ ಸರಿ. ಅವರಿಗೆ ಹಳದಿ ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿ.