ನುಡಿ ಪರಿವರ್ತಕವೋ, ಕಾಗುಣಿತ ಪರೀಕ್ಷಕವೋ?

ಕೆಲಸದ ನಡುವೆ ವಾರಕ್ಕೆ ನಾಲ್ಕು ಗಂಟೆ ಸಿಗುವ ಡೆವಲಪರ್ ಕನ್ನಡಕ್ಕಾಗಿ ಮುಕ್ತ ತಂತ್ರಾಂಶ ಶುರುಮಾಡುವುದಾದರೆ, ಈ ಎರಡನ್ನು ನಾನು ಮುಂದಿಡುತ್ತೇನೆ.

ಮೊದಲನೆಯದು, ಹಳೆಯ ನುಡಿ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ತರುವ ಪರಿವರ್ತಕ. ಇಲ್ಲಿ ತೊಡಕು ಅಕ್ಷರಗಳ ಕ್ರಮದ್ದು. ‘ಧರ್ಮ’ ನುಡಿಯಲ್ಲಿ ಹೀಗಿರುತ್ತದೆ:

```
zsÀªÀÄð
```

ಕೊನೆಯ `ð` ಅರ್ಕಾವತ್ತು. ಯುನಿಕೋಡ್‌ನಲ್ಲಿ ಅದು ‘ರ್’ ಆಗಿ ‘ಮ’ಕಾರಕ್ಕಿಂತ ಮೊದಲು ಬರಬೇಕು. ಬರೀ ಅಕ್ಷರ ಬದಲಿಸಿದರೆ ‘ಧಮರ್’ ಎಂದಾಗುತ್ತದೆ. ಒಬ್ಬರೇ ಕೆಲವು ತಿಂಗಳಲ್ಲಿ ಮುಗಿಸಬಹುದು, ಬಳಕೆದಾರರೂ ಬೇಗ ಸಿಗುತ್ತಾರೆ. ಆದರೆ ಇಂಥವು ಈಗಾಗಲೇ ಇವೆ. ಮೇಲಾಗಿ, ನಿಯಮಗಳು ಸರಿಹೋದ ಮೇಲೆ ಬೇರೆಯವರಿಗೆ ಮಾಡಲು ಹೆಚ್ಚು ಕೆಲಸ ಉಳಿಯುವುದಿಲ್ಲ.

ಎರಡನೆಯದು, ಕಾಗುಣಿತ ಪರೀಕ್ಷಿಸುವ ಮುಕ್ತ ತಂತ್ರಾಂಶ ಹನ್‌ಸ್ಪೆಲ್‌ಗೆ ಕನ್ನಡ ಪದಪಟ್ಟಿ ಮತ್ತು ಪ್ರತ್ಯಯ ನಿಯಮಗಳು. ಪದಪಟ್ಟಿಗೆ `ಮನೆ/A` ಎಂದು ಒಂದು ಪದ ಸೇರಿಸಿ ಈ ನಿಯಮ ಕೊಟ್ಟರೆ ‘ಮನೆಯಲ್ಲಿ’, ‘ಮನೆಗೆ’ ಎರಡೂ ಸರಿಯೆನಿಸಿಕೊಳ್ಳುತ್ತವೆ:

```
SET UTF-8
SFX A Y 2
SFX A 0 ಯಲ್ಲಿ ೆ
SFX A 0 ಗೆ ೆ
```

ಹನ್‌ಸ್ಪೆಲ್ ಎರಡು ಹಂತದ ಪ್ರತ್ಯಯವನ್ನಷ್ಟೇ ಬಿಡಿಸುತ್ತದೆ. ಮೂರು ಪ್ರತ್ಯಯಗಳಿರುವ ‘ಮನೆಗಳಲ್ಲಿಯೂ’ ಬಂದಾಗ ಅವುಗಳಲ್ಲಿ ಎರಡನ್ನು ಜೋಡಿಸಿ ಒಂದೇ ನಿಯಮವಾಗಿ ಬರೆಯಬೇಕು. ಹಾಗಾಗಿ ಕೆಲಸ ನಿಧಾನ. ಆದರೂ ಬಳಗ ಕಟ್ಟುವ ಆಸೆಯಿದ್ದರೆ ನನ್ನ ಆಯ್ಕೆ ಇದೇ: ಕೋಡ್ ಬಾರದ ಕನ್ನಡ ಮೇಷ್ಟರೂ ಹತ್ತು ಪದ ಸೇರಿಸಬಲ್ಲರು. ಹಕ್ಕುಸ್ವಾಮ್ಯವಿರುವ ನಿಘಂಟಿನಿಂದ ನಕಲಿಸಿದ ಪಟ್ಟಿಯನ್ನು ಮಾತ್ರ ಮೊದಲ ದಿನದಿಂದಲೇ ನಿರಾಕರಿಸಿ. ಒಮ್ಮೆ ಬೆರೆತರೆ ಅಂಥ ಪದಗಳನ್ನು ಹೆಕ್ಕಿ ತೆಗೆಯುವುದು ಬಹಳ ಕಷ್ಟ.