ತಾನೇ ತಾಪ ಸರಿಪಡಿಸುವ ರಿಫ್ರಾಕ್ಟೋಮೀಟರಾ, ಸಾದಾದ್ದಾ?

ರಿಫ್ರಾಕ್ಟೋಮೀಟರ್ ಅಂದರೆ ಬೆಳಕು ಎಷ್ಟು ಬಾಗುತ್ತದೆ ಎಂದು ನೋಡಿ ರಸದ, ಜೇನಿನ ಸಕ್ಕರೆ ಅಳೆಯುವ ಉಪಕರಣ. ಎರಡರಲ್ಲೂ ನೋಡುವುದು ಒಂದೇ: ಗಾಜಿನ ಮೇಲೆ ಎರಡು ಹನಿ, ನೀಲಿ-ಬಿಳಿ ಸೇರುವ ಗೆರೆ, ಅಲ್ಲಿನ ಬ್ರಿಕ್ಸ್ ಅಂಕಿ, ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಸಕ್ಕರೆ ಎಂಬುದು. ಈ ಅಂಕಿ ಸರಿಯಾಗುವುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ಹೆಚ್ಚಾದರೆ ರಸ ಬೆಳಕನ್ನು ಕಡಿಮೆ ಬಾಗಿಸುತ್ತದೆ, ಸಕ್ಕರೆ ಕಡಿಮೆ ಇದ್ದಂತೆ ಕಾಣುತ್ತದೆ.

ಹಣ್ಣಿನ ರಸಕ್ಕೆ ಸಾದಾ ಉಪಕರಣವೇ ಸಾಕು. 20ರಲ್ಲಿ ಸೊನ್ನೆಗೆ ಹೊಂದಿಸಿದ್ದರೆ, 30 ಡಿಗ್ರಿಯಲ್ಲಿ 14 ತೋರಿದ ರಸಕ್ಕೆ ಸುಮಾರು 0.8 ಸೇರಿಸಿ; 14.8 ಆಯಿತು. ಆದರೆ 30ರಲ್ಲೇ ಬಟ್ಟಿ ಇಳಿಸಿದ ನೀರು ಹಾಕಿ ಸೊನ್ನೆಗೆ ತಿರುಗಿಸಿದ್ದರೆ ತಿದ್ದುಪಡಿಯ ಬಹುಪಾಲು ಆಗಲೇ ಮುಗಿದಿದೆ. ಮತ್ತೆ 0.8 ಸೇರಿಸಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ.

ಜೇನಿಗೆ ಈ ದಾರಿ ಇಲ್ಲ. ಜೇನಿನ ಉಪಕರಣದ ಅಳತೆಪಟ್ಟಿ ಸುಮಾರು 58 ಬ್ರಿಕ್ಸ್‌ನಿಂದ ಶುರು, ನೀರಿಟ್ಟರೆ ಗೆರೆಯೇ ಕಾಣದು. ಹೊಂದಿಸಲು ಅದಕ್ಕೆಂದೇ ಇರುವ ಎಣ್ಣೆ ಬೇಕು. ತೇವಾಂಶದ ಪಟ್ಟಿಯಲ್ಲಿ 20ಕ್ಕಿಂತ ಮೇಲಿನ ಪ್ರತಿ ಡಿಗ್ರಿಗೆ ಸುಮಾರು 0.09 ಕಳೆಯಬೇಕು: 32 ಡಿಗ್ರಿಯಲ್ಲಿ 19.3 ಕಂಡರೆ ನಿಜವಾದದ್ದು 18.2. ಹುಳಿಯುವ ಭಯ ಇರುವ ಜೇನಿಗೆ ಇದು ದೊಡ್ಡ ವ್ಯತ್ಯಾಸ, ಅಲ್ವಾ? ಹಾಗಾಗಿ ಜೇನಿಗೆ ನಾನು ತಾನೇ ಸರಿಪಡಿಸುವುದನ್ನೇ ಆರಿಸುತ್ತೇನೆ.

ಅದಕ್ಕೂ ಮಿತಿ ಇದೆ. ಒಳಗಿನ ಲೋಹದ ಪಟ್ಟಿ ಸಾಮಾನ್ಯವಾಗಿ 10ರಿಂದ 30 ಡಿಗ್ರಿವರೆಗೆ ಮಾತ್ರ ಕೆಲಸ ಮಾಡುತ್ತದೆ, ಅದೂ ಉಪಕರಣದ ಬಿಸಿ ನೋಡಿ. ಬೆಚ್ಚಗಿನ ಜೇನು ಹಾಕಿದ ಕೂಡಲೇ ಓದಿದರೆ ಗೆರೆ ನಿಧಾನವಾಗಿ ಸರಿಯುತ್ತಿರುತ್ತದೆ. ಅದು ನಿಂತ ಮೇಲೆ ಓದಿ.