ರೂಟ್‌ಗೆ ಏರಿಸೋ ಎರಡು ದಾರಿ, ಪಕ್ಕದಲ್ಲಿ ಒಂದು ರೆಡ್-ಬ್ಲ್ಯಾಕ್ ಟ್ರೀ

ಬೈನರಿ ಸರ್ಚ್ ಟ್ರೀಯಲ್ಲಿ ಈಗಷ್ಟೇ ಹುಡುಕಿದ ನೋಡನ್ನು ರೂಟ್‌ಗೆ ತಂದಿಟ್ಟರೆ ಮುಂದಿನ ಸಲ ಅದು ತಕ್ಷಣ ಸಿಗುತ್ತದೆ. ಇಷ್ಟೇ ಯೋಚನೆ. ಆದರೆ ಅದನ್ನು ಮೇಲೆ ತರೋದು ಹೇಗೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ಸಿ++ನಲ್ಲಿ ಮೂರನ್ನು ಓಡಿಸಿ ನೋಡಿದೆ: ಒಂದೊಂದೇ ರೊಟೇಶನ್ ಮಾಡಿ ನೋಡನ್ನು ಮೇಲೆ ತರುವ ಟ್ರೀ, ಸ್ಪ್ಲೇ ಟ್ರೀ, ಮತ್ತು `std::map`. ಜಿಸಿಸಿಯ ಲೈಬ್ರರಿಯಲ್ಲಿ ಈ ಮೂರನೆಯದರ ಒಳಗಿರುವುದು ರೆಡ್-ಬ್ಲ್ಯಾಕ್ ಟ್ರೀ.

ಮೊದಲ ಎರಡಕ್ಕೂ ಕೋಡ್‌ನಲ್ಲಿ ಇರುವ ವ್ಯತ್ಯಾಸ ನೋಡಿದರೆ ನಗು ಬರುತ್ತದೆ. ಹುಡುಕಿದ ನೋಡ್ `x`, ಅದರ ಅಪ್ಪ `p`, ಅಜ್ಜ `g`, ಮೂರೂ ಎಡಕ್ಕೆ ಒಂದೇ ಸಾಲಿನಲ್ಲಿ ಇವೆ ಅಂದುಕೊಳ್ಳಿ.

```
// ಒಂದೊಂದೇ ರೊಟೇಶನ್
rotate_right(p);   // x ಮೇಲೆ, p ಕೆಳಗೆ
rotate_right(g);   // x ಮೇಲೆ, g ಕೆಳಗೆ

// ಸ್ಪ್ಲೇ
rotate_right(g);   // ಮೊದಲು p ಮೇಲೆ, g ಕೆಳಗೆ
rotate_right(p);   // ಆಮೇಲೆ x ಮೇಲೆ, p ಕೆಳಗೆ
```

ಎರಡು ಸಾಲು ಅದಲುಬದಲು, ಅಷ್ಟೆ. ಸ್ಪ್ಲೇಯಲ್ಲಿ ಇದಕ್ಕೆ ಜಿಗ್-ಜಿಗ್ ಅಂತ ಹೆಸರು. `x` ಒಂದು ಕಡೆ, `p` ಇನ್ನೊಂದು ಕಡೆ ತಿರುಗಿದ್ದರೆ ಅದು ಜಿಗ್-ಜಾಗ್, ಅಲ್ಲಿ ಎರಡು ವಿಧಾನವೂ ಮಾಡುವುದು ಒಂದೇ ಕೆಲಸ. ಅಜ್ಜ ಇಲ್ಲದಿದ್ದರೆ ಕೊನೆಗೆ ಒಂದೇ ರೊಟೇಶನ್, ಅದು ಜಿಗ್. ಹಾಗಾಗಿ ಜಗಳ ಇರುವುದೆಲ್ಲ ಜಿಗ್-ಜಿಗ್‌ನಲ್ಲೇ.

ಏಳು ನೋಡ್‌ಗಳನ್ನು ತೆಗೆದುಕೊಂಡು ಕಾಗದದ ಮೇಲೆ ಬಿಡಿಸಿ ನೋಡಿ. 7 ರೂಟ್, ಅದರ ಎಡಕ್ಕೆ 6, ಅದರ ಎಡಕ್ಕೆ 5, ಹೀಗೆ 1ರವರೆಗೆ ನೇರ ಸರಪಳಿ. ಈಗ 1 ಬೇಕು. ಅದು 6 ಹೆಜ್ಜೆ ಕೆಳಗಿದೆ, ಮೇಲೆ ತರಲು 6 ರೊಟೇಶನ್.

ಒಂದೊಂದೇ ತಿರುಗಿಸಿದರೆ 1 ರೂಟ್ ಆಗುತ್ತದೆ, ಅದರ ಬಲಕ್ಕೆ 7, ಅಲ್ಲಿಂದ ಎಡಕ್ಕೆ 6, 5, 4, 3, 2. ಅಂದರೆ ಸರಪಳಿ ಹಾಗೇ ಉಳಿಯಿತು. ಪಟ್ಟ ಕಷ್ಟಕ್ಕೆ 1 ಒಂದೇ ಮೇಲೆ ಬಂತು, ಉಳಿದವರಿಗೆ ಏನೂ ಲಾಭ ಇಲ್ಲ. ಸ್ಪ್ಲೇ ಮಾಡಿದರೆ 1 ರೂಟ್, ಬಲಕ್ಕೆ 6. ಆ 6ರ ಕೆಳಗೆ 4 ಮತ್ತು 7. 4ರ ಕೆಳಗೆ 2 ಮತ್ತು 5. 2ರ ಬಲಕ್ಕೆ 3. ರೊಟೇಶನ್ ಅಷ್ಟೇ 6, ಆದರೆ ಟ್ರೀಯ ಎತ್ತರ 6ರಿಂದ 4ಕ್ಕೆ ಇಳಿಯಿತು. ನಡೆದು ಬಂದ ದಾರಿಯಲ್ಲಿದ್ದ ನೋಡ್‌ಗಳ ಆಳ ಸುಮಾರು ಅರ್ಧ ಆಗುವುದೇ ಜಿಗ್-ಜಿಗ್‌ನ ಗುಣ.

ಈಗ 1ರಿಂದ 7ರವರೆಗೆ ವರಸೆಯಾಗಿ ಹುಡುಕುತ್ತಾ ಹೋಗಿ. ಒಂದೊಂದೇ ವಿಧಾನದಲ್ಲಿ ಖರ್ಚು 6, 6, 5, 4, 3, 2, 1, ಒಟ್ಟು 27 ರೊಟೇಶನ್. ಸ್ಪ್ಲೇಯಲ್ಲಿ 6, 3, 2, 1, 2, 1, 1, ಒಟ್ಟು 16. ಮಜಾ ಏನಂದರೆ ಎರಡೂ ಕೊನೆಗೆ ಶುರುವಾದ ಸರಪಳಿಗೇ ಬಂದು ನಿಲ್ಲುತ್ತವೆ. ಇನ್ನೊಂದು ಸುತ್ತು ಹೋದರೆ ಮತ್ತೆ ಅದೇ 27, ಅದೇ 16. ನೋಡ್ 1000 ಆದಾಗ ಒಂದೊಂದೇ ವಿಧಾನದ ಒಂದು ಸುತ್ತಿಗೆ 5,00,499 ರೊಟೇಶನ್. ಅದು ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಸ್ಪ್ಲೇಯಲ್ಲಿ ಹೀಗೆ ಕ್ರಮವಾಗಿ ಹುಡುಕಿದರೆ ಖರ್ಚು `n`ಗೆ ತಕ್ಕಷ್ಟೇ ಬೆಳೆಯುತ್ತದೆ ಅಂತ ತಾರ್ಜಾನ್ 1985ರಲ್ಲಿ ಸಾಬೀತು ಮಾಡಿದರು. ಅದೇ ವರ್ಷ ಸ್ಲೀಟರ್ ಜೊತೆ ಸೇರಿ ಸ್ಪ್ಲೇ ಟ್ರೀಯ ಮೂಲ ಪ್ರಬಂಧ ಪ್ರಕಟಿಸಿದ್ದೂ ಅವರೇ.

ಎರಡು ಸಾಲು ಅದಲುಬದಲಾದರೆ ಇಷ್ಟು ವ್ಯತ್ಯಾಸ ಯಾಕೆ? ಇಲ್ಲಿ ಅಮಾರ್ಟೈಸ್ಡ್ ಲೆಕ್ಕ ಬೇಕು. ಅದು ಪಿಗ್ಮಿ ಖಾತೆ ಇದ್ದ ಹಾಗೆ: ಖರ್ಚು ಕಡಿಮೆ ಇದ್ದ ದಿನ ಒಂದಿಷ್ಟು ಕಟ್ಟಿರುತ್ತೀರಿ, ದೊಡ್ಡ ಖರ್ಚು ಬಂದಾಗ ಅದರಿಂದ ತೆಗೆಯುತ್ತೀರಿ. ಟ್ರೀಯಲ್ಲಿ ಈ ಖಾತೆಯ ಮೊತ್ತಕ್ಕೆ ಪೊಟೆನ್ಶಿಯಲ್ ಅನ್ನುತ್ತಾರೆ. ಪ್ರತಿ ನೋಡ್‌ನ ಕೆಳಗೆ, ಅದನ್ನೂ ಸೇರಿಸಿ, ಎಷ್ಟು ನೋಡ್ ಇವೆ ಅಂತ ಎಣಿಸಿ, ಆ ಸಂಖ್ಯೆಯ `log2` ತೆಗೆದು ಎಲ್ಲವನ್ನೂ ಕೂಡಿಸಿದರೆ ಆಯಿತು. ಟ್ರೀ ಸರಪಳಿಯಂತೆ ಇದ್ದಷ್ಟೂ ಖಾತೆ ತುಂಬಿರುತ್ತದೆ.

ನಮ್ಮ ಏಳು ನೋಡ್‌ಗೇ ಹಾಕಿ ನೋಡೋಣ. ಸರಪಳಿಯಲ್ಲಿ ಗಾತ್ರಗಳು 7, 6, 5, 4, 3, 2, 1. ಗುಣಿಸಿದರೆ 5040, ಅದರ `log2` ಸುಮಾರು 12.30. ಸ್ಪ್ಲೇ ಆದ ಮೇಲೆ ಗಾತ್ರಗಳು 7, 6, 4, 2, ಮಿಕ್ಕ ಮೂರು 1. ಗುಣಲಬ್ಧ 336, ಪೊಟೆನ್ಶಿಯಲ್ 8.39. ಖಾತೆಯಿಂದ 3.91 ಹೊರಬಂತು. 6 ರೊಟೇಶನ್‌ನಲ್ಲಿ ಅದನ್ನು ಕಳೆದರೆ ಕೈಯಿಂದ ಹೋದದ್ದು 2.09. ಒಂದೊಂದೇ ವಿಧಾನದಲ್ಲಿ? ಹೊಸ ಟ್ರೀಯಲ್ಲೂ ಗಾತ್ರಗಳು 7, 6, 5, 4, 3, 2, 1. ಮತ್ತೆ 5040. ಖಾತೆಯಿಂದ ಒಂದು ಪೈಸೆಯೂ ಬರಲಿಲ್ಲ, 6ಕ್ಕೆ 6 ಕೈಯಿಂದಲೇ ಹೋಯಿತು.

ಇದು ಈ ಉದಾಹರಣೆಗೆ ಮಾತ್ರ ಕೂಡಿಬಂದದ್ದಲ್ಲ. ಜಿಗ್-ಜಿಗ್ ಆದ ಮೇಲೆ `g` ಎಲ್ಲರಿಗಿಂತ ಕೆಳಗೆ ಇಳಿದಿರುತ್ತದೆ. ಮೊದಲು `x`ನ ಕೆಳಗಿದ್ದ ನೋಡ್‌ಗಳು, ಈಗ `g`ಯ ಕೆಳಗಿರುವ ನೋಡ್‌ಗಳು, ಇವೆರಡರಲ್ಲಿ ಒಂದಾದರೂ ಸಾಮಾನ್ಯ ಇರುವುದಿಲ್ಲ. ಎರಡೂ ಸೇರಿದರೂ ಒಟ್ಟು ಗಾತ್ರ `s` ಮೀರುವುದಿಲ್ಲ. ಹಾಗಿದ್ದಾಗ ಅವುಗಳ `log2` ಮೊತ್ತ `2*log2(s) - 2`ಕ್ಕಿಂತ ಜಾಸ್ತಿ ಆಗಲಾರದು. ಆ `-2` ಇದೆಯಲ್ಲ, ಅದೇ ಎರಡು ರೊಟೇಶನ್‌ನ ಖರ್ಚನ್ನು ತೀರಿಸುತ್ತದೆ. ಒಂದೊಂದೇ ತಿರುಗಿಸಿದರೆ `x`ನ ಹಳೆಯ ಬಲಭಾಗ `g`ಯ ಕೆಳಗೂ ಬಂದು ಕೂರುತ್ತದೆ. ಅವೇ ನೋಡ್‌ಗಳು ಎರಡು ಕಡೆ ಎಣಿಕೆಯಾಗುತ್ತವೆ, `-2` ಕೈ ತಪ್ಪುತ್ತದೆ. ಸ್ಪ್ಲೇಯಲ್ಲಿ ಎಲ್ಲ ಹೆಜ್ಜೆ ಕೂಡಿಸಿದಾಗ ಒಂದು ಹುಡುಕಾಟದ ಅಮಾರ್ಟೈಸ್ಡ್ ಖರ್ಚು ಹೆಚ್ಚೆಂದರೆ `3*log2(n) + 1`. ನಮ್ಮ ಏಳಕ್ಕೆ ಅದು 9.42, ಆಗಿದ್ದು 2.09.

ಇನ್ನು `std::map`. ನಿಜ ಹೇಳಬೇಕಂದರೆ ಏಳು ನೋಡ್‌ಗಳ ಪೂರ್ತಿ ಸಮತೋಲದ ಟ್ರೀಯಲ್ಲಿ ಎಲ್ಲವನ್ನೂ ಹುಡುಕಲು 10 ಹೆಜ್ಜೆ ಸಾಕು, ರೊಟೇಶನ್ ಸೊನ್ನೆ. ಸ್ಪ್ಲೇಯ 16 ಅದರ ಮುಂದೆ ಸಪ್ಪೆ. ದೊಡ್ಡ ಟ್ರೀಯಲ್ಲಿ ಎಲ್ಲ ಕೀಗಳನ್ನೂ ಸಮನಾಗಿ, ಹೇಗೆ ಬೇಕೋ ಹಾಗೆ ಹುಡುಕಿದಾಗ ನನ್ನ ಮೆಶೀನ್‌ನಲ್ಲಿ ಪ್ರತಿ ಸಲವೂ ರೆಡ್-ಬ್ಲ್ಯಾಕ್ ಗೆದ್ದಿತು. ಕಾರಣ ಗೊತ್ತಿರುವುದೇ: ಸ್ಪ್ಲೇಯಲ್ಲಿ ಸುಮ್ನೆ ಓದುವುದಕ್ಕೂ ಪಾಯಿಂಟರ್ ಬರೆಯಬೇಕು. ಎರಡು ಥ್ರೆಡ್ ಒಟ್ಟಿಗೆ ಓದುವ ಹಾಗೂ ಇಲ್ಲ, ಓದಿಗೂ ಲಾಕ್ ಹಾಕಬೇಕು. ಕೆಲವೇ ಕೀಗಳು ಮತ್ತೆ ಮತ್ತೆ ಬರುವಾಗ ಮಾತ್ರ ಸ್ಪ್ಲೇ ಮುಂದೆ ಹೋಯಿತು. ಒಂದೊಂದೇ ವಿಧಾನವೂ ಅಲ್ಲಿ ಪರವಾಗಿಲ್ಲ ಅನ್ನಿಸಿತು, ಅದರ ರೋಗ ಹೊರಬರುವುದು ಕೀಗಳು ಕ್ರಮವಾಗಿ ಬಂದಾಗ.

ಸ್ಪ್ಲೇಯನ್ನೇ ಆರಿಸುವುದಾದರೆ ಎರಡು ಕಡೆ ಹುಷಾರಾಗಿರಬೇಕು. ಟ್ರೀಯಲ್ಲಿ ಇಲ್ಲದ ಕೀ ಹುಡುಕಿದಾಗಲೂ ಕೊನೆಗೆ ಮುಟ್ಟಿದ ನೋಡನ್ನು ಸ್ಪ್ಲೇ ಮಾಡಲೇಬೇಕು. ಇಲ್ಲದಿದ್ದರೆ ಸರಪಳಿಯ ತುದಿಯಲ್ಲಿ ಸಿಗದ ಅದೇ ಕೀ ಪದೇ ಪದೇ ಬಂದು ಪ್ರತಿ ಸಲ `n` ಹೆಜ್ಜೆ ತಿನ್ನುತ್ತದೆ, ಖಾತೆಯ ಲೆಕ್ಕ ಅಲ್ಲಿಗೆ ಮುರಿಯಿತು. ಇನ್ನೊಂದು, ಏರಿಕೆಯ ಕ್ರಮದಲ್ಲಿ ಸೇರಿಸಿದ ಸ್ಪ್ಲೇ ಟ್ರೀ ನೇರ ಸರಪಳಿಯೇ ಆಗಿರುತ್ತದೆ. ಸೇರಿಸುವಾಗ ಅದು ಅಗ್ಗ, ಗೊತ್ತೇ ಆಗುವುದಿಲ್ಲ. ಆದರೆ ಅಳಿಸುವ ಕೋಡ್ ರಿಕರ್ಸಿವ್ ಆಗಿದ್ದರೆ ಲಕ್ಷಗಟ್ಟಲೆ ನೋಡ್ ಇದ್ದಾಗ ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಬಿದ್ದುಹೋಗುತ್ತದೆ, ಅದೂ ಎಲ್ಲ ಕೆಲಸ ಮುಗಿದು ಹೊರಡುವಾಗ. ಲೂಪ್‌ನಲ್ಲಿ ಅಳಿಸಿ. ಒಂದೊಂದು ಹುಡುಕಾಟಕ್ಕೂ ಸಮಯದ ಗಡುವು ಇರುವ ಕಡೆ ಸ್ಪ್ಲೇ ಬೇಡವೇ ಬೇಡ, ಅಲ್ಲಿ ನನ್ನ ಓಟು `std::map`ಗೆ.